ಗ್ರ್ಯಾಂಡ್ ರೌಂಡ್ಸ್ ಪ್ರಶ್ನೆಪತ್ರಿಕೆ: ಯಾರೂ ಕಾರಣ ಕೇಳದ ಪೊಟ್ಯಾಸಿಯಂ

ಕೇಸ್ ಕೇಳಿದಿರಿ. ಕೊನೆಗೆ ಸಿಕ್ಕ ಡಯಾಗ್ನಾಸಿಸ್ ಅಡ್ರೀನಲ್ ಕೊರತೆ ಎಂದು ಎಲ್ಲರಿಗೂ ಗೊತ್ತಾಗಿದೆ. ಗೊತ್ತಾದ ಮೇಲೆ "ಇಷ್ಟು ಸ್ಪಷ್ಟವಾಗಿತ್ತಲ್ಲ, ಯಾಕೆ ತಪ್ಪಿಹೋಯಿತು?" ಅನಿಸುತ್ತದೆ. ನನಗೂ ಹಾಗೇ ಅನಿಸಿತ್ತು. ಆದರೆ ಆ ರಾತ್ರಿ ತುರ್ತು ಘಟಕದಲ್ಲಿ ಡ್ಯೂಟಿಯಲ್ಲಿದ್ದವರಲ್ಲಿ ನಾನೂ ಒಬ್ಬಳು. ಸೆಪ್ಸಿಸ್ ಎಂದು ಕೇಸ್ ಶೀಟಿನಲ್ಲಿ ಬರೆದ ಕೈ ನನ್ನದೇ. ಹಾಗಾಗಿ ಈ ಪ್ರಶ್ನೆಗಳನ್ನು ನಾನೇ ಬರೆಯುತ್ತೇನೆಂದು ಕೇಳಿ ಪಡೆದೆ.

ಇಪ್ಪತ್ತೈದು ನಿಮಿಷ ಸಮಯವಿದೆ. ಮೊದಲು ಒಬ್ಬೊಬ್ಬರೇ ಬರೆಯಿರಿ, ಆಮೇಲೆ ಚರ್ಚೆ. ಉತ್ತರ ಪತ್ರಿಕೆಯಲ್ಲಿ ಹೆಸರು ಬೇಡ, ಎಷ್ಟನೇ ವರ್ಷದ ಪಿ.ಜಿ. ಅಥವಾ ಯಾವ ವಿಭಾಗ ಎಂದು ಬರೆದರೆ ಸಾಕು. ಒಟ್ಟು 40 ಅಂಕ. ಬರೆದದ್ದನ್ನು ಹೊಡೆದುಹಾಕಬೇಡಿ. ಮನಸ್ಸು ಬದಲಾದರೆ ಕೆಳಗೆ ಹೊಸದಾಗಿ ಬರೆಯಿರಿ. ಮೊದಲು ಏನು ಹೊಳೆಯಿತು ಅನ್ನುವುದೂ ನಮಗೆ ಬೇಕು.

ನೆನಪಿಗಾಗಿ ಕೇಸ್

ರೋಗಿ 38 ವರ್ಷದ ಶಿಕ್ಷಕಿ. ಐದು ತಿಂಗಳಿಂದ ಸುಸ್ತು, ವಾಕರಿಕೆ, ಆಗಾಗ ಹೊಟ್ಟೆನೋವು. ತೂಕ 9 ಕೆಜಿ ಇಳಿದಿತ್ತು. ಎರಡನೇ ತಿಂಗಳಲ್ಲಿ ಎಂಡೋಸ್ಕೋಪಿ ಆಯಿತು. ಸಣ್ಣ ಗ್ಯಾಸ್ಟ್ರೈಟಿಸ್ ಎಂದು ಮಾತ್ರೆ ಕೊಟ್ಟರು. ಮೂರನೇ ತಿಂಗಳಲ್ಲಿ "ಆತಂಕ, ಖಿನ್ನತೆ" ಎಂದು ಎಸ್ಸಿಟಾಲೋಪ್ರಾಮ್ ಶುರುವಾಯಿತು. ನಾಲ್ಕನೇ ತಿಂಗಳಲ್ಲಿ ಸೋಡಿಯಂ 128. ಎಸ್ಸಿಟಾಲೋಪ್ರಾಮ್‌ನಿಂದ ಎಂದು ಅದನ್ನು ನಿಲ್ಲಿಸಿದರು. ಅದೇ ಚೀಟಿಯಲ್ಲಿ, ಮುಂದಿನ ಸಾಲಿನಲ್ಲೇ, ಪೊಟ್ಯಾಸಿಯಂ 5.4 ಇತ್ತು.

ಐದನೇ ತಿಂಗಳಲ್ಲಿ ಟಿಎಸ್‌ಎಚ್ 9.1, ಫ್ರೀ ಟಿ4 ಸಹಜ ಮಿತಿಯೊಳಗೆ. ಲೆವೊಥೈರಾಕ್ಸಿನ್ 50 ಮೈಕ್ರೋಗ್ರಾಂ ಶುರು. ಹನ್ನೆರಡು ದಿನದ ನಂತರ ತುರ್ತು ಘಟಕಕ್ಕೆ ಬಂದರು. ಬಿಪಿ 84/50, ನಾಡಿ 118, ಜ್ವರ 37.9 ಡಿಗ್ರಿ, ಸಕ್ಕರೆ 58, ಸೋಡಿಯಂ 122, ಪೊಟ್ಯಾಸಿಯಂ 5.9, ಕ್ರಿಯಾಟಿನಿನ್ 1.6, ಇಯೊಸಿನೊಫಿಲ್ ಶೇಕಡಾ 9. ಮೂರು ಲೀಟರ್ ಸಲೈನ್, ಆ್ಯಂಟಿಬಯೋಟಿಕ್, ನಾರ್ಅಡ್ರಿನಲಿನ್ ಎಲ್ಲ ಕೊಟ್ಟರೂ ಬಿಪಿ ಏರಲಿಲ್ಲ. ಬೆಳಗಿನ ಜಾವ ಬಾಯಿ ಶುಚಿ ಮಾಡುತ್ತಿದ್ದ ನರ್ಸ್ ಒಸಡಿನ ಮೇಲೆ ಕಪ್ಪು ಕಲೆ ಕಂಡರು. ಅಂಗೈ ಗೆರೆಗಳೂ ಕಪ್ಪಾಗಿದ್ದವು. "ಇವರು ಕೆಲವು ತಿಂಗಳಿಂದ ಬರೀ ಉಪ್ಪು ನೆಕ್ಕುತ್ತಾರಂತೆ" ಎಂದು ಗಂಡ ಅವರಿಗೆ ಹೇಳಿದ್ದರು. ಹೈಡ್ರೋಕಾರ್ಟಿಸೋನ್ 100 ಮಿಗ್ರಾಂ ನರಕ್ಕೆ ಹೋದ ಕೆಲವೇ ಗಂಟೆಯಲ್ಲಿ ಬಿಪಿ ಏರಿತು. ಮದ್ದು ಕೊಡುವ ಮೊದಲು ತೆಗೆದಿಟ್ಟ ರಕ್ತದಲ್ಲಿ ಕಾರ್ಟಿಸಾಲ್ 2.1, ಎಸಿಟಿಎಚ್ 780.

ಪ್ರಶ್ನೆಗಳು

1. ನಾಲ್ಕನೇ ತಿಂಗಳಿಗೆ ಹಿಂದಿರುಗಿ. ನಿಮ್ಮ ಕೈಯಲ್ಲಿ ಆ ಚೀಟಿ ಮಾತ್ರ ಇದೆ: ಸೋಡಿಯಂ 128, ಪೊಟ್ಯಾಸಿಯಂ 5.4. ಮುಂದೆ ಏನಾಯಿತು ಅನ್ನುವುದನ್ನು ಮರೆತು ಡಿಫರೆನ್ಷಿಯಲ್ ಪಟ್ಟಿ ಬರೆಯಿರಿ. ಕನಿಷ್ಠ ಐದು ಇರಲಿ. ಒಂದೊಂದರ ಎದುರಿಗೂ ಎರಡು ಮಾತು ಬೇಕು: ಇದನ್ನು ಬೆಂಬಲಿಸುವುದು ಯಾವುದು, ಇದಕ್ಕೆ ಹೊಂದದೇ ಇರುವುದು ಯಾವುದು. "ಹೊಂದದ್ದು" ಎಂಬ ಕಾಲಂ ಖಾಲಿ ಬಿಟ್ಟರೆ ಅರ್ಧ ಅಂಕ ಹೋಗುತ್ತದೆ. (8 ಅಂಕ)

2. ನಿಮ್ಮ ಪಟ್ಟಿಯಲ್ಲಿ ತಪ್ಪಿಸಿಕೊಂಡರೆ ಜೀವಕ್ಕೇ ಅಪಾಯ ತರುವಂಥದ್ದು ಯಾವುದು? ಅದು ನಿಮ್ಮ ಪ್ರಕಾರ ಎಷ್ಟನೇ ಸ್ಥಾನದಲ್ಲಿತ್ತು? ಸಾಧ್ಯತೆ ಕಡಿಮೆ ಇದ್ದರೂ ಅದನ್ನು ಪರೀಕ್ಷಿಸಲು ಒಂದು ಬೆಳಗಿನ ರಕ್ತ ಸಾಕು ಅಂದರೆ ಯಾವ ರಕ್ತ? (3 ಅಂಕ)

3. ಈ ಐದು ತಿಂಗಳಲ್ಲಿ ರೋಗಿಗೆ ನಾಲ್ಕು ಹೆಸರು ಅಂಟಿದವು: ಗ್ಯಾಸ್ಟ್ರೈಟಿಸ್, ಖಿನ್ನತೆ, ಹೈಪೋಥೈರಾಯ್ಡ್, ಸೆಪ್ಸಿಸ್. ಪ್ರತಿಯೊಂದಕ್ಕೂ ಬರೆಯಿರಿ: (ಅ) ಆ ಹೆಸರು ಯಾವ ಲಕ್ಷಣಗಳನ್ನು ವಿವರಿಸಿತು, (ಆ) ಯಾವುದನ್ನು ವಿವರಿಸಲಿಲ್ಲ, (ಇ) ಆಗ ಕೆಲಸ ಮಾಡಿದ ಪಕ್ಷಪಾತ ಯಾವುದು. ಆಂಕರಿಂಗ್, ಪ್ರೀಮೆಚ್ಯೂರ್ ಕ್ಲೋಷರ್, ಡಯಾಗ್ನಾಸಿಸ್ ಮೊಮೆಂಟಮ್, ಕನ್ಫರ್ಮೇಷನ್ ಬಯಾಸ್, ಅವೇಲಬಿಲಿಟಿ ಎಂಬ ಹೆಸರುಗಳನ್ನು ಬಳಸಬಹುದು. ಆದರೆ ಹೆಸರಿಗೆ ಅಂಕವಿಲ್ಲ. ಕೇಸಿನ ಯಾವ ಘಟ್ಟದಲ್ಲಿ, ಯಾವ ವಾಕ್ಯ ಅಥವಾ ಯಾವ ನಿರ್ಧಾರದಲ್ಲಿ ಅದು ಕಾಣುತ್ತದೆ ಎಂದು ತೋರಿಸಿದರೆ ಮಾತ್ರ ಅಂಕ. (10 ಅಂಕ)

4. ಟಿಎಸ್‌ಎಚ್ 9.1 ನಿಜವಾಗಿಯೂ ಥೈರಾಯ್ಡ್ ರೋಗವೇ? ಬೇರೆ ವಿವರಣೆ ಏನಿರಬಹುದು? ಲೆವೊಥೈರಾಕ್ಸಿನ್ ಕೊಟ್ಟ ಹನ್ನೆರಡನೇ ದಿನ ಕುಸಿದದ್ದು ಕಾಕತಾಳೀಯವೋ, ಅಲ್ಲವೋ? ಕಾರಣ ಕೊಡಿ. (5 ಅಂಕ)

5. ಒಂದು ಲೆಕ್ಕ. ಇಲ್ಲಿರುವ ಅಂಕಿಗಳು ಲೆಕ್ಕಕ್ಕೆಂದು ಇಟ್ಟುಕೊಂಡವು ಅಷ್ಟೆ. ಸುಸ್ತು ಮತ್ತು ತೂಕ ಇಳಿಕೆ ಇರುವ ರೋಗಿಯಲ್ಲಿ ಅಡ್ರೀನಲ್ ಕೊರತೆಯ ಸಾಧ್ಯತೆ ಶೇಕಡಾ 2 ಎಂದುಕೊಳ್ಳಿ. ಒಸಡಿನ ಕಪ್ಪು ಕಲೆಗೆ ಲೈಕ್ಲಿಹುಡ್ ರೇಶಿಯೊ 10, ಏರಿದ ಪೊಟ್ಯಾಸಿಯಂಗೆ 8. ಎರಡೂ ಸೇರಿದರೆ ಸಾಧ್ಯತೆ ಎಷ್ಟಾಗುತ್ತದೆ? ನಂತರ ಇದನ್ನೂ ಹೇಳಿ: ಪೊಟ್ಯಾಸಿಯಂ ಜೊತೆಗೆ ಕಡಿಮೆ ಬಿಪಿಯನ್ನೂ ಹೀಗೇ ಗುಣಿಸಿಬಿಡಬಹುದೇ? (5 ಅಂಕ)

6. "ಬಿಸಿಲಿನಿಂದ ಕಪ್ಪಾಗಿದ್ದಾರೆ" ಎಂದು ಹಳೆಯ ಟಿಪ್ಪಣಿಯೊಂದರಲ್ಲಿ ಇದೆ. ಬಿಸಿಲಿಗೂ ಈ ರೋಗಕ್ಕೂ ವ್ಯತ್ಯಾಸ ತಿಳಿಯಲು ದೇಹದ ಯಾವ ಮೂರು ಜಾಗ ನೋಡುತ್ತೀರಿ? (2 ಅಂಕ)

7. ತುರ್ತು ಘಟಕದಲ್ಲಿ ಕಾರ್ಟಿಸಾಲ್ ವರದಿ ಬರಲು ಆರು ಗಂಟೆ ಬೇಕು. ನೀವು ಕಾಯುತ್ತೀರಾ? ಇಲ್ಲವಾದರೆ, ಏನನ್ನು ಯಾವ ಕ್ರಮದಲ್ಲಿ ಮಾಡುತ್ತೀರಿ? ಮದ್ದು ಕೊಟ್ಟು ಬಿಪಿ ಸರಿಹೋದ ಮೇಲೆ ಸೋಡಿಯಂ ಬಗ್ಗೆ ಯಾಕೆ ಇನ್ನೂ ಜಾಸ್ತಿ ಹುಷಾರಾಗಿರಬೇಕು? (4 ಅಂಕ)

8. ಇದು ತೀರಾ ವೈಯಕ್ತಿಕ ಪ್ರಶ್ನೆ. ಕಳೆದ ಒಂದು ತಿಂಗಳಲ್ಲಿ ನೀವು ನೋಡಿದ ಒಬ್ಬ ರೋಗಿಯನ್ನು ನೆನಪಿಸಿಕೊಳ್ಳಿ. ಡಯಾಗ್ನಾಸಿಸ್ ಬರೆದಾಗಿದೆ, ಆದರೆ ಒಂದು ಸಂಗತಿ ಅದಕ್ಕೆ ಕೂಡಿಬರಲಿಲ್ಲ. ಆ ಸಂಗತಿ ಯಾವುದು? ಅದನ್ನು ಬದಿಗಿಡಲು ನೀವು ಮನಸ್ಸಿನಲ್ಲಿ ಹೇಳಿಕೊಂಡ ಮಾತೇನು? ರೋಗಿಯ ಗುರುತು ಸಿಗುವ ವಿವರ ಬರೆಯಬೇಡಿ. (3 ಅಂಕ)

ಚರ್ಚೆ ನಡೆಸುವವರಿಗೆ ಟಿಪ್ಪಣಿ
ಉತ್ತರ ಪತ್ರಿಕೆಗಳನ್ನು ತೆಗೆದುಕೊಂಡ ಮೇಲೆ ಮಾತ್ರ ಓದಿ ಹೇಳಿ.

ಮೊದಲ ಪ್ರಶ್ನೆಯಲ್ಲಿ ಸಾಮಾನ್ಯವಾಗಿ ಬರುವ ಉತ್ತರಗಳು: ಮೂತ್ರಪಿಂಡದ ತೊಂದರೆ, ಮದ್ದಿನ ಪರಿಣಾಮ (ಎಸಿಇ ಇನ್ಹಿಬಿಟರ್, ಸ್ಪೈರೊನೊಲ್ಯಾಕ್ಟೋನ್, ಟ್ರೈಮೆಥೊಪ್ರಿಮ್, ಹೆಪಾರಿನ್), ರಕ್ತದ ಮಾದರಿ ಕೆಟ್ಟು ಪೊಟ್ಯಾಸಿಯಂ ಸುಳ್ಳಾಗಿ ಏರಿದ್ದು, ಅಲ್ಡೋಸ್ಟಿರಾನ್ ಮಾತ್ರ ಕಡಿಮೆಯಾಗಿರುವುದು, ಅಡ್ರೀನಲ್ ಕೊರತೆ. ಎಸ್ಸಿಟಾಲೋಪ್ರಾಮ್ ಎಂದು ಬರೆದವರನ್ನು ತಪ್ಪು ಎನ್ನಬೇಡಿ. ಆ ಮದ್ದು ಸೋಡಿಯಂ ಇಳಿಸುವುದು ನಿಜ. ಆದರೆ ಪೊಟ್ಯಾಸಿಯಂ ಏರಿದ್ದನ್ನು ಅದು ವಿವರಿಸುವುದಿಲ್ಲ. ವಾಂತಿ, ಭೇದಿಯಿಂದ ಎಂದವರಿಗೂ ಇದೇ ಪ್ರಶ್ನೆ ಕೇಳಿ. ಅವುಗಳಲ್ಲಿ ಪೊಟ್ಯಾಸಿಯಂ ಸಾಮಾನ್ಯವಾಗಿ ಇಳಿಯುತ್ತದೆ. ಮಾದರಿ ಕೆಟ್ಟಿದೆ ಎಂದವರನ್ನು "ಹಾಗಾದರೆ ಮತ್ತೆ ರಕ್ತ ಕಳಿಸಿದಿರಾ?" ಎಂದು ಕೇಳಿ. ಅವತ್ತು ಯಾರೂ ಕಳಿಸಲಿಲ್ಲ.

ಎರಡನೆಯದಕ್ಕೆ ಬೆಳಗಿನ ಎಂಟರ ಹೊತ್ತಿನ ಕಾರ್ಟಿಸಾಲ್, ಸಾಧ್ಯವಾದರೆ ಜೊತೆಗೆ ಎಸಿಟಿಎಚ್.

ಮೂರನೆಯದರಲ್ಲಿ ಸ್ವಲ್ಪ ಹೊತ್ತು ನಿಲ್ಲಿ, ಚರ್ಚೆಯ ಜೀವ ಇಲ್ಲಿದೆ. ಹೈಪೋಥೈರಾಯ್ಡ್ ಸುಸ್ತನ್ನು ವಿವರಿಸುತ್ತದೆ, 9 ಕೆಜಿ ಇಳಿದದ್ದನ್ನು ವಿವರಿಸುವುದಿಲ್ಲ. ಅಲ್ಲಿ ತೂಕ ಏರುವುದೇ ಹೆಚ್ಚು. ಖಿನ್ನತೆ ಹಸಿವು ಕಡಿಮೆಯಾದದ್ದನ್ನು ವಿವರಿಸಬಹುದು, ಉಪ್ಪಿನ ಆಸೆಯನ್ನಲ್ಲ. ಒಂದು ಹೆಸರು ಕೇಸ್ ಶೀಟಿನಲ್ಲಿ ಬಂತೆಂದರೆ ಮುಂದಿನವರು ಅದನ್ನು ರೋಗಿಯ ಗುಣ ಎಂಬಂತೆ ಓದುತ್ತಾರೆ. ಮೊಮೆಂಟಮ್ ಅಂದರೆ ಅದೇ. ಸೆಪ್ಸಿಸ್ ಬಗ್ಗೆ ನನ್ನದೇ ಹೇಳುತ್ತೇನೆ. ಅದೇ ವಾರ ನಾನು ಇಬ್ಬರು ಸೆಪ್ಟಿಕ್ ಶಾಕ್ ರೋಗಿಗಳನ್ನು ನೋಡಿದ್ದೆ. 37.9 ಜ್ವರ ಕಂಡ ತಕ್ಷಣ ಮನಸ್ಸು ಅತ್ತ ಓಡಿತು. ಶಾಕ್ ಇರುವಾಗ ಆ್ಯಂಟಿಬಯೋಟಿಕ್ ಕೊಟ್ಟದ್ದು ತಪ್ಪಲ್ಲ. ಮೂರು ಲೀಟರಿಗೂ ಬಿಪಿ ಏರಲಿಲ್ಲ, ಸಕ್ಕರೆ 58 ಇತ್ತು, ತೀವ್ರ ಸೋಂಕಿನಲ್ಲಿ ಸಾಮಾನ್ಯವಾಗಿ ಇಳಿಯುವ ಇಯೊಸಿನೊಫಿಲ್ ಏರಿತ್ತು. ಈ ಮೂರನ್ನೂ ನಾನು ಬರೆದುಕೊಂಡೆ, ಜೋಡಿಸಿ ನೋಡಲಿಲ್ಲ. ತಪ್ಪಾದದ್ದು ಅಲ್ಲಿ.

ನಾಲ್ಕನೆಯದು: ಕಾರ್ಟಿಸಾಲ್ ಇಲ್ಲದಿದ್ದಾಗ ಟಿಎಸ್‌ಎಚ್ ಮೇಲಿನ ಹಿಡಿತ ಸಡಿಲಾಗಿ ಅದು ಸ್ವಲ್ಪ ಏರಬಹುದು. ಕಾರ್ಟಿಸಾಲ್ ಕೊಟ್ಟ ಮೇಲೆ ಕೆಲವು ವಾರಗಳಲ್ಲಿ ತಾನಾಗಿ ಇಳಿಯುವುದೂ ಉಂಟು. ಆಟೋಇಮ್ಯೂನ್ ಆದರೆ ಎರಡೂ ಗ್ರಂಥಿಗಳ ರೋಗ ಒಟ್ಟಿಗೇ ಇರಬಹುದು, ಆದ್ದರಿಂದ ಮತ್ತೆ ಅಳೆಯದೆ ತೀರ್ಮಾನ ಬೇಡ. ಲೆವೊಥೈರಾಕ್ಸಿನ್ ಕಾರ್ಟಿಸಾಲ್ ಖರ್ಚಾಗುವ ವೇಗವನ್ನು ಹೆಚ್ಚಿಸುತ್ತದೆ. ಖಜಾನೆ ಬರಿದಾಗಿದ್ದವರಿಗೆ ಅದು ಕ್ರೈಸಿಸ್ ತರಬಲ್ಲದು. ಎರಡೂ ಕೊರತೆ ಇದ್ದರೆ ಮೊದಲು ಸ್ಟೀರಾಯ್ಡ್, ಆಮೇಲೆ ಥೈರಾಯ್ಡ್ ಮಾತ್ರೆ. ಕಿರಿಯರಿಗೆ ಇದನ್ನು ಎರಡು ಸಲ ಹೇಳಿ.

ಐದನೆಯದರ ಲೆಕ್ಕ: ಶೇಕಡಾ 2 ಎಂದರೆ ಆಡ್ಸ್ 2 ಕ್ಕೆ 98, ಅಂದರೆ 1 ಕ್ಕೆ 49. ಹತ್ತರಿಂದ ಗುಣಿಸಿದರೆ 10 ಕ್ಕೆ 49, ಸುಮಾರು ಶೇಕಡಾ 17. ಎಂಟರಿಂದ ಗುಣಿಸಿದರೆ 80 ಕ್ಕೆ 49, ಸುಮಾರು ಶೇಕಡಾ 62. ಒಸಡಿನ ಕಲೆ ಎಸಿಟಿಎಚ್ ಏರಿದ್ದರಿಂದ, ಪೊಟ್ಯಾಸಿಯಂ ಅಲ್ಡೋಸ್ಟಿರಾನ್ ಇಲ್ಲದ್ದರಿಂದ. ದಾರಿ ಬೇರೆ ಬೇರೆ, ಹಾಗಾಗಿ ಗುಣಿಸುವುದಕ್ಕೆ ಒಂದಿಷ್ಟು ಅರ್ಥವಿದೆ. ಆದರೆ ಬಿಪಿ ಇಳಿಯುವುದರಲ್ಲೂ ಅಲ್ಡೋಸ್ಟಿರಾನ್ ಕೊರತೆಯ ಪಾಲು ದೊಡ್ಡದು. ಅದನ್ನೂ ಗುಣಿಸಿದರೆ ಒಂದೇ ಸಾಕ್ಷಿಯನ್ನು ಎರಡು ಸಲ ಎಣಿಸಿದಂತೆ ಆಗುತ್ತದೆ.

ಆರನೆಯದು: ಒಸಡು ಅಥವಾ ಕೆನ್ನೆಯ ಒಳಭಾಗ, ಅಂಗೈ ಗೆರೆ, ಹಳೆಯ ಗಾಯದ ಗುರುತು. ಥಾಮಸ್ ಅಡಿಸನ್ 1855 ರಲ್ಲೇ ಈ ಚರ್ಮದ ಬಣ್ಣವನ್ನು ವಿವರಿಸಿದ್ದ, ಪರೀಕ್ಷೆ ಯಾವುದೂ ಇಲ್ಲದ ಕಾಲದಲ್ಲಿ.

ಏಳನೆಯದು: ಕಾಯುವುದಿಲ್ಲ. ಕಾರ್ಟಿಸಾಲ್, ಎಸಿಟಿಎಚ್‌ಗೆ ರಕ್ತ ತೆಗೆದು ತಕ್ಷಣ ಹೈಡ್ರೋಕಾರ್ಟಿಸೋನ್ 100 ಮಿಗ್ರಾಂ, ಸಲೈನ್, ಗ್ಲೂಕೋಸ್. ನಂತರ ದಿನಕ್ಕೆ 200 ಮಿಗ್ರಾಂ ಲೆಕ್ಕದಲ್ಲಿ. ರಕ್ತ ತೆಗೆಯುವುದು ತಡವಾದರೂ ಮದ್ದು ತಡವಾಗಬಾರದು. ಸ್ಟೀರಾಯ್ಡ್ ಸಿಕ್ಕ ಕೂಡಲೇ ದೇಹ ನೀರನ್ನು ಬಿಡಲು ಶುರುಮಾಡುತ್ತದೆ, ಸೋಡಿಯಂ ವೇಗವಾಗಿ ಏರುತ್ತದೆ. ಮಿದುಳಿಗೆ ಹಾನಿಯಾಗದಿರಲು ಮೊದಲ ದಿನ 8 ಮಿಲಿಮೋಲ್ ಸುಮಾರಿಗೆ ತಡೆಯಬೇಕು. ಕೆಲವು ಗಂಟೆಗೊಮ್ಮೆ ಅಳೆಯಿರಿ, ಮೂತ್ರದ ಪ್ರಮಾಣ ನೋಡಿ.

ಎಂಟನೆಯ ಉತ್ತರಗಳನ್ನು ಗಟ್ಟಿಯಾಗಿ ಓದಬೇಡಿ. ಬರೆದವರು ತಾವಾಗಿಯೇ ಹೇಳಬೇಕೆಂದರೆ ಹೇಳಲಿ. ಯಾರೂ ಹೇಳದಿದ್ದರೆ ನನ್ನ ಉತ್ತರದಿಂದ ಶುರು ಮಾಡಿ. ಪೊಟ್ಯಾಸಿಯಂ 5.9 ನೋಡಿ ನಾನು ಅಂದುಕೊಂಡ ಮಾತು ಇದು: "ಕ್ರಿಯಾಟಿನಿನ್ ಏರಿದೆಯಲ್ಲ, ಅದಕ್ಕೇ ಇರಬೇಕು." ಅದನ್ನು ಹೇಳಿದ ಮೇಲೆ, ಒಸಡು ನೋಡಿದ ನರ್ಸ್ ಸಭೆಯಲ್ಲಿದ್ದರೆ ಮಾತನಾಡಲು ಅವರನ್ನು ಕರೆಯಿರಿ. ಆ ರಾತ್ರಿ ಅವರು ಎಷ್ಟು ಹೊತ್ತಿಗೆ ಕಲೆ ಕಂಡರು, ಯಾರಿಗೆ ಹೇಳಿದರು, ಕೇಳಿದವರು ಏನೆಂದರು ಅನ್ನುವುದನ್ನು ಅವರ ಬಾಯಿಂದಲೇ ಕೇಳೋಣ.