ವಿಷಯ: ಫೆಬ್ರವರಿಯಿಂದ ಮೇವರೆಗೆ ನಿಮ್ಮ ಸ್ಯಾಂಡ್ ಲ್ಯಾಬಿನಲ್ಲಿ ಇಂಟರ್ನ್‌ಶಿಪ್‌ಗೆ ಅವಕಾಶ ಕೋರಿ

8 ಜನವರಿ 2026
ಬೆಳಗಾವಿ

ಗೆ,
ಕ್ವಾಲಿಟಿ ಮ್ಯಾನೇಜರ್ ಅವರು,
ಫೌಂಡ್ರಿ ವಿಭಾಗ, ಉದ್ಯಮಬಾಗ, ಬೆಳಗಾವಿ

ಮಾನ್ಯರೇ, ನಮಸ್ಕಾರ.

ನಾನು ಬೆಳಗಾವಿಯಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಕೊನೆಯ ವರ್ಷ ಓದುತ್ತಿದ್ದೇನೆ. ಕಾಲೇಜು ವಿಟಿಯುಗೆ ಸೇರಿದ್ದು. ಎಂಟನೇ ಸೆಮಿಸ್ಟರಿನಲ್ಲಿ ನಾವು 14ರಿಂದ 20 ವಾರ ಇಂಟರ್ನ್‌ಶಿಪ್ ಮಾಡಬೇಕು. ನಿಮ್ಮಲ್ಲಿ 16 ವಾರ ಕೆಲಸ ಕಲಿಯಲು ಅವಕಾಶ ಸಿಗಬಹುದೇ ಎಂದು ಕೇಳಲು ಈ ಪತ್ರ.

ಇಂಟರ್ನ್ ಬೇಕೆಂದು ನೀವು ಎಲ್ಲೂ ಪ್ರಕಟಿಸಿಲ್ಲ, ಅದು ಗೊತ್ತು. ಹಾಗಾಗಿ ಬರೀ ರೆಸ್ಯೂಮೆ ಕಳಿಸಿ ಸುಮ್ಮನಿರದೆ, ಬಂದರೆ ಏನು ಮಾಡುತ್ತೇನೆ ಎಂಬುದನ್ನೂ ಬರೆಯುತ್ತಿದ್ದೇನೆ. ಎಚ್‌ಆರ್ ವಿಭಾಗದ ಬದಲು ನಿಮಗೇ ಬರೆಯಲು ಕಾರಣವೂ ಅದೇ. ಈ ಕೆಲಸ ನಿಮಗೆ ಬೇಕೋ ಬೇಡವೋ ಎಂದು ಹೇಳಬಲ್ಲವರು ನೀವು.

ಮೂರನೇ ವರ್ಷದಲ್ಲಿ ನಮ್ಮ ತರಗತಿ ನಿಮ್ಮ ಫೌಂಡ್ರಿ ನೋಡಲು ಬಂದಿತ್ತು. ಹೆಚ್ಚಿನವರು ಇಂಡಕ್ಷನ್ ಫರ್ನೇಸ್ ಹತ್ತಿರ ನಿಂತು ಫೋಟೋ ತೆಗೆಯುತ್ತಿದ್ದರು. ನನ್ನ ಗಮನ ಹೋಗಿದ್ದು ಎರಡು ಕಡೆ. ಒಂದು, ಸ್ಯಾಂಡ್ ಲ್ಯಾಬಿನ ರಿಜಿಸ್ಟರ್: ಮಾಯಿಶ್ಚರ್, ಕಂಪ್ಯಾಕ್ಟಬಿಲಿಟಿ, ಪರ್ಮಿಯಬಿಲಿಟಿ, ಗ್ರೀನ್ ಸ್ಟ್ರೆಂಗ್ತ್, ಎಲ್ಲವೂ ಸಮಯದ ಸಮೇತ ನೀಟಾಗಿ ಬರೆದಿತ್ತು. ಇನ್ನೊಂದು, ಫೆಟ್ಲಿಂಗ್ ಹತ್ತಿರದ ರಿಜೆಕ್ಷನ್ ಬೋರ್ಡ್: ಹಿಂದಿನ ದಿನದ ಬ್ಲೋ ಹೋಲ್ ಎಷ್ಟು, ಸ್ಯಾಂಡ್ ಇನ್‌ಕ್ಲೂಷನ್ ಎಷ್ಟು ಎಂಬ ಲೆಕ್ಕ. ಇವೆರಡನ್ನೂ ಒಟ್ಟಿಗೆ ಇಟ್ಟು ನೋಡುತ್ತೀರಾ ಎಂದು ಕೇಳಿದ್ದೆ. "ತಿಂಗಳ ಮೀಟಿಂಗಿನಲ್ಲಿ ನೋಡುತ್ತೇವೆ, ದಿನಾ ನೋಡಲು ಆಗಲ್ಲ" ಎಂದಿದ್ದರು ನಮ್ಮನ್ನು ಕರೆದುಕೊಂಡು ಹೋದ ಎಂಜಿನಿಯರ್. ದಿನಾ ನೋಡುವ ಆ ಕೆಲಸವನ್ನು ನಾನು ಮಾಡಿಕೊಡಬಹುದು ಎಂಬುದೇ ನನ್ನ ಪ್ರಸ್ತಾಪ.

ಇದು ಪುಸ್ತಕ ಓದಿ ಹೊಳೆದದ್ದಲ್ಲ. ಕಳೆದ ಬೇಸಿಗೆ ರಜೆಯಲ್ಲಿ ಮಚ್ಛೆಯ ಒಂದು ಚಿಕ್ಕ ಜಾಬಿಂಗ್ ಫೌಂಡ್ರಿಯಲ್ಲಿ ಕೆಲಸ ಕಲಿತೆ. ಅಲ್ಲಿ ಗ್ರೀನ್ ಸ್ಯಾಂಡ್ ಸ್ಯಾಂಪಲ್ಲನ್ನು ಬೆಳಿಗ್ಗೆ ಒಮ್ಮೆ ಮಿಕ್ಸರ್ ಬಾಯಲ್ಲಿ ತೆಗೆಯುತ್ತಿದ್ದರು. ರೀಡಿಂಗ್ ಯಾವತ್ತೂ ಸರಿಯಾಗೇ ಇರುತ್ತಿತ್ತು. ಆದರೂ ಊಟದ ನಂತರ ಕಟ್ಟಿದ ಬಾಕ್ಸ್‌ಗಳಲ್ಲಿ ಸ್ಯಾಂಡ್ ಡ್ರಾಪ್ ಜಾಸ್ತಿ. ಮೋಲ್ಡರುಗಳು "ಮರಳು ಸತ್ತಿದೆ" ಅನ್ನುತ್ತಿದ್ದರು. ನಾನು ಮಿಕ್ಸರ್ ಹತ್ತಿರ ಒಂದು, ಮೋಲ್ಡಿಂಗ್ ಮಷೀನ್ ಹತ್ತಿರ ಒಂದು, ಹೀಗೆ ಎರಡು ಕಡೆ ಸ್ಯಾಂಪಲ್ ತೆಗೆಯಲು ಶುರು ಮಾಡಿದೆ. ಜೊತೆಗೆ ಮರಳಿನ ಬಿಸಿಯನ್ನೂ ಅಳೆದೆ. ಮಧ್ಯಾಹ್ನದ ಹೊತ್ತಿಗೆ ನಾಕೌಟ್‌ನಿಂದ ವಾಪಸ್ ಬರುವ ಮರಳು ಪೂರ್ತಿ ತಣ್ಣಗಾಗಿರುತ್ತಿರಲಿಲ್ಲ. ಮಿಕ್ಸರಿನಲ್ಲಿ 3.7 ಪರ್ಸೆಂಟ್ ಇದ್ದ ತೇವ ಬಾಕ್ಸ್ ತಲುಪುವಷ್ಟರಲ್ಲಿ 3ಕ್ಕಿಂತ ಕೆಳಗೆ ಇಳಿದ ದಿನವೂ ಇತ್ತು. ಬೆಂಟೊನೈಟ್ ಹಿಡಿತ ಬಿಡುತ್ತದೆ, ಅಂಚು ಉದುರುತ್ತದೆ. ಆದರೆ ರಿಜಿಸ್ಟರಿನಲ್ಲಿ ಮಾತ್ರ ಎಲ್ಲ ಸರಿ.

ಅವರು ಕೂಲರ್ ತರಿಸುವ ಸ್ಥಿತಿಯಲ್ಲಿರಲಿಲ್ಲ. ವಾಪಸ್ ಮರಳಿನ ರಾಶಿಯನ್ನು ಎರಡು ಭಾಗ ಮಾಡಿ, ಒಂದು ತಣ್ಣಗಾಗುವಾಗ ಇನ್ನೊಂದನ್ನು ಬಳಸುವಂತೆ ಮಾಡಿದರು. ಸ್ಯಾಂಡ್ ಡ್ರಾಪ್ ಕಡಿಮೆಯಾಯಿತು. ಬ್ಲೋ ಹೋಲ್ ಮಾತ್ರ ಹಾಗೇ ಉಳಿಯಿತು. ಅದರ ಕಾರಣ ಬೇರೆ ಇರಬೇಕು. ಕೋರ್‌ನ ಗ್ಯಾಸ್ ಇರಬಹುದು, ವೆಂಟ್ ಕಟ್ಟಿರಬಹುದು, ಲೋಹ ತಣ್ಣಗಿದ್ದಿರಬಹುದು. ಕಂಡುಹಿಡಿಯುವಷ್ಟು ಸಮಯ ನನಗೆ ಸಿಗಲಿಲ್ಲ. ಒಂದೇ ಸ್ಯಾಂಪಲ್ ನಂಬಿ ಎಲ್ಲ ದೋಷವನ್ನೂ ಮರಳಿನ ತಲೆಗೆ ಕಟ್ಟಬಾರದು ಎಂಬುದಂತೂ ಅಲ್ಲಿ ಗೊತ್ತಾಯಿತು.

ನಿಮ್ಮಲ್ಲಿ ಸ್ಯಾಂಡ್ ಪ್ಲಾಂಟ್ ದೊಡ್ಡದು, ಕೂಲರ್ ಕೂಡ ಇದೆ. ಆದ್ದರಿಂದ ಇದೇ ತೊಂದರೆ ನಿಮಗೂ ಇದೆ ಎಂದು ನಾನು ಹೇಳುತ್ತಿಲ್ಲ. ಇದೆಯೋ ಇಲ್ಲವೋ ನೋಡಲು ಫೆಬ್ರವರಿಯಿಂದ ಮೇ ಒಳ್ಳೆಯ ಸಮಯ. ಚಳಿ ಕಳೆದು ಬೇಸಿಗೆ ಏರುವುದು ಆಗಲೇ ಅಲ್ವಾ?

ಕೆಲಸವನ್ನು ಹೀಗೆ ಅಂದುಕೊಂಡಿದ್ದೇನೆ. ಮೊದಲ ಎರಡು ವಾರ ನಾನು ಏನನ್ನೂ ಮುಟ್ಟುವುದಿಲ್ಲ. ಲ್ಯಾಬಿನವರ ಜೊತೆ ನಿಂತು ಅವರ ವಿಧಾನ ಕಲಿಯುತ್ತೇನೆ. ಆಮೇಲೆ ಒಂದೋ ಎರಡೋ ಪಾರ್ಟ್ ಮಾತ್ರ ಆರಿಸಿಕೊಳ್ಳೋಣ. ನಿಮಗೆ ಹೆಚ್ಚು ತಲೆನೋವು ಕೊಡುವ ಹೈಡ್ರಾಲಿಕ್ ವಾಲ್ವ್ ಬಾಡಿ ಆದರೂ ಸರಿ. ಆ ಪಾರ್ಟ್‌ಗೆ ಶಿಫ್ಟ್, ಹೀಟ್ ನಂಬರ್, ಸುರಿಯುವಾಗಿನ ಟೆಂಪರೇಚರ್, ಕೋರ್ ಬ್ಯಾಚ್, ಎರಡೂ ಕಡೆಯ ಮರಳಿನ ರೀಡಿಂಗ್ ಮತ್ತು ಫೆಟ್ಲಿಂಗ್‌ನಲ್ಲಿ ಸಿಕ್ಕ ದೋಷವನ್ನು ಒಂದೇ ಶೀಟಿನಲ್ಲಿ ದಿನಾ ತುಂಬುತ್ತೇನೆ. ಎಲ್ಲಕ್ಕಿಂತ ಕಷ್ಟ ಯಾವ ಕಾಸ್ಟಿಂಗ್ ಯಾವ ಹೊತ್ತಿನ ಬಾಕ್ಸಿನದು ಎಂದು ಹಿಡಿಯುವುದು. ಅದಕ್ಕೆ ಬಾಕ್ಸ್‌ಗೆ ಗಂಟೆಯ ಗುರುತು ಹಾಕುವ ಸುಲಭ ದಾರಿ ಏನಾದರೂ ಬೇಕು. ನಿಮ್ಮ ಮೋಲ್ಡರುಗಳನ್ನೇ ಕೇಳಿ ಮಾಡುವುದು ಒಳ್ಳೆಯದು. ನನಗೆ ಕನ್ನಡ, ಮರಾಠಿ ಎರಡೂ ಬರುತ್ತವೆ, ಹಾಗಾಗಿ ಮಾತಿಗೆ ತೊಂದರೆಯಿಲ್ಲ. ಪ್ರತಿ ಶನಿವಾರ ನಿಮಗೆ ಒಂದು ಪುಟದ ವರದಿ ಕೊಡುತ್ತೇನೆ.

ಎಕ್ಸೆಲ್ ಚೆನ್ನಾಗಿ ಬರುತ್ತದೆ. ಗ್ರಾಫ್ ಹಾಕುವಷ್ಟು ಪೈಥಾನ್ ಗೊತ್ತು. ಮೆಥಿಲೀನ್ ಬ್ಲೂ ಟೆಸ್ಟ್ ಕಾಲೇಜು ಲ್ಯಾಬಿನಲ್ಲಿ ಮಾಡಿದ್ದೇನೆ. ಕಾಸ್ಟಿಂಗ್ ಸಿಮ್ಯುಲೇಶನ್ ಸಾಫ್ಟ್‌ವೇರ್ ಬರುವುದಿಲ್ಲ, ಮೆಟಲರ್ಜಿ ಕೂಡ ಮೇಲುಮೇಲಿನದಷ್ಟೇ ಗೊತ್ತು. ಫೌಂಡ್ರಿ ಫ್ಲೋರಿನಲ್ಲಿ ಹುಡುಗಿಯರು ಕಡಿಮೆ ಎಂಬ ಮಾತು ನೀವು ಕೇಳುವ ಮೊದಲೇ ಹೇಳಿಬಿಡುತ್ತೇನೆ: ಮಚ್ಛೆಯಲ್ಲೂ ನಾನೊಬ್ಬಳೇ ಇದ್ದೆ, ಕೆಲಸ ನಡೆಯಿತು. ಸೇಫ್ಟಿ ಶೂ, ಹೆಲ್ಮೆಟ್, ಕನ್ನಡಕ ನನ್ನದೇ ಇವೆ.

ನಿಮ್ಮ ಕಡೆಯಿಂದ ಬೇಕಾಗುವುದು ಇಷ್ಟು. ಗೈಡ್ ಆಗಿ ಒಬ್ಬ ಎಂಜಿನಿಯರ್, ವಾರಕ್ಕೆ ಅರ್ಧ ಗಂಟೆ ಸಿಕ್ಕರೆ ಸಾಕು. ನನ್ನ ಡೈರಿಗೆ ಅವರ ಸಹಿ, ಕೊನೆಯಲ್ಲಿ ಒಂದು ಪ್ರಮಾಣಪತ್ರ. ಸ್ಟೈಪೆಂಡ್ ಕೊಡುವ ಪದ್ಧತಿ ಇದ್ದರೆ ಸಂತೋಷ, ಇಲ್ಲದಿದ್ದರೂ ಬರುತ್ತೇನೆ. ಮನೆ ಟಿಳಕವಾಡಿಯಲ್ಲಿದೆ, ಓಡಾಟ ಸಮಸ್ಯೆಯಲ್ಲ. ಗ್ರಾಹಕರ ಹೆಸರು, ಡ್ರಾಯಿಂಗ್, ರಿಜೆಕ್ಷನ್ ಅಂಕಿ ಯಾವುದೂ ಹೊರಗೆ ಹೋಗುವುದಿಲ್ಲ. ಕಾಲೇಜಿಗೆ ಕೊಡುವ ವರದಿಯಲ್ಲಿ ಪಾರ್ಟ್‌ಗೆ ಬರೀ ಕೋಡ್ ಇರುತ್ತದೆ, ಅದನ್ನೂ ನೀವು ಓದಿ ಒಪ್ಪಿದ ಮೇಲೆಯೇ ಸಲ್ಲಿಸುತ್ತೇನೆ.

ಫೆಬ್ರವರಿ 9, ಸೋಮವಾರದಿಂದ ಮೇ 30ರವರೆಗೆ ಬರಬಲ್ಲೆ. ಕಂಪನಿಯ ಹೆಸರನ್ನು ಇದೇ ಜನವರಿ 24ರೊಳಗೆ ವಿಭಾಗಕ್ಕೆ ತಿಳಿಸಬೇಕು. ನೀವು ಒಪ್ಪಿದರೆ ಕಾಲೇಜಿನ ಕೋರಿಕೆ ಪತ್ರವನ್ನು ಮರುದಿನವೇ ತಂದುಕೊಡುತ್ತೇನೆ. ಮೊದಲು ಮುಖಾಮುಖಿ ಮಾತಾಡೋಣ ಎಂದರೆ ಯಾವ ದಿನ ಮಧ್ಯಾಹ್ನವಾದರೂ ಸರಿ. ಮಚ್ಛೆಯ ನೋಟ್‌ಬುಕ್ ಜೊತೆಗೆ ತರುತ್ತೇನೆ. ಆ ಫೌಂಡ್ರಿಯ ಮಾಲೀಕರು ತೋರಿಸಲು ಒಪ್ಪಿದ್ದಾರೆ.

ಮರಳಿನ ಕೆಲಸ ಈಗ ಬೇಡ, ಆದರೆ ಕೋರ್ ಶಾಪ್‌ನಲ್ಲೋ ಮಷೀನಿಂಗ್ ಇನ್‌ಸ್ಪೆಕ್ಷನ್‌ನಲ್ಲೋ ಕೈ ಬೇಕು ಎಂದರೆ ಅದಕ್ಕೂ ತಯಾರಿದ್ದೇನೆ. ಈ ಸಲ ಆಗುವುದಿಲ್ಲ ಎಂದಾದರೆ ಒಂದು ಸಾಲು ಬರೆದು ತಿಳಿಸಿ. ಬೇರೆ ಕಡೆ ಕೇಳಲು ಅನುಕೂಲವಾಗುತ್ತದೆ.

ರೆಸ್ಯೂಮೆ, ಆರನೇ ಸೆಮಿಸ್ಟರ್‌ವರೆಗಿನ ಅಂಕಪಟ್ಟಿ ಮತ್ತು ಮಚ್ಛೆಯ ರೀಡಿಂಗ್‌ಗಳ ಎರಡು ಪುಟದ ಸಾರಾಂಶ ಲಗತ್ತಿಸಿದ್ದೇನೆ. ಫೋನ್ ನಂಬರ್ ರೆಸ್ಯೂಮೆಯ ಮೇಲ್ಗಡೆ ಇದೆ.

ವಂದನೆಗಳೊಂದಿಗೆ,
ಸಹನಾ ಪಾಟೀಲ
ಮೆಕ್ಯಾನಿಕಲ್ ಎಂಜಿನಿಯರಿಂಗ್, ಅಂತಿಮ ವರ್ಷ