ಕೆಂಪು ದೀಪ ಆರಿಸಿಕೊಡಿ: ಇಂಟರ್ನೆಟ್ ಕಂಪನಿಗೊಂದು ದೂರು

ದಿನಾಂಕ: 24-06-2025

ಇವರಿಗೆ,
ಮುಖ್ಯಸ್ಥರು, ಗ್ರಾಹಕ ಸೇವಾ ವಿಭಾಗ

ವಿಷಯ: ಗ್ರಾಹಕ ಸಂಖ್ಯೆ 40718826. ಜೂನ್ 5ರಿಂದ ಕೆಟ್ಟಿರುವ ಫೈಬರ್ ಸಂಪರ್ಕ. ನಾಲ್ಕು ಸಲ ‘ಪರಿಹಾರ’ವಾಗಿ ಇನ್ನೂ ಹಾಗೇ ಇರುವ ದೂರು.

ಮಾನ್ಯರೇ,

ಹತ್ತೊಂಬತ್ತು ದಿನಗಳಿಂದ ನಮ್ಮ ಮನೆಯ ರೂಟರ್‌ನಲ್ಲಿ ಸಿಗ್ನಲ್ ತಪ್ಪಿದೆ ಎಂದು ಹೇಳುವ LOS ಎಂಬ ಕೆಂಪು ದೀಪ ಆಗಾಗ ಮಿನುಗುತ್ತಿದೆ. ರಾತ್ರಿ ನೀರು ಕುಡಿಯಲು ಎದ್ದಾಗ ಅದರ ಬೆಳಕು ಉಪಯೋಗಕ್ಕೆ ಬರುತ್ತದೆ, ಇಲ್ಲವೆನ್ನಲಾರೆ. ಆದರೆ ನಾನು ತಿಂಗಳು ತಿಂಗಳು ಹಣ ಕಟ್ಟುತ್ತಿರುವುದು 100 ಎಂಬಿಪಿಎಸ್ ಇಂಟರ್ನೆಟ್‌ಗೆ, ಬೆಡ್‌ಲ್ಯಾಂಪಿಗಲ್ಲ.

ವೈಫೈ ಮೇಲೆ ತಪ್ಪು ಹೊರಿಸಬಾರದೆಂದು ಲ್ಯಾಪ್‌ಟಾಪನ್ನು ಕೇಬಲ್‌ನಿಂದ ನೇರವಾಗಿ ರೂಟರ್‌ಗೆ ಜೋಡಿಸಿ ಅಳೆದೆ. ವೇಗ 1.8 ಎಂಬಿಪಿಎಸ್. ಪುಟ್ಟ ಪ್ಯಾಕೆಟ್‌ಗಳನ್ನು ಕಳಿಸಿ ಎಷ್ಟು ವಾಪಸಾಗುತ್ತವೆಂದು ನೋಡುವ ಪಿಂಗ್ ಪರೀಕ್ಷೆಯ ಫಲಿತಾಂಶ ಹೀಗಿದೆ:

```
100 packets transmitted, 63 received, 37% packet loss
```

ತಲುಪಿದವುಗಳಲ್ಲಿ ಒಂದು ಪ್ಯಾಕೆಟ್ ಹೋಗಿಬರಲು 2,740 ಮಿಲಿಸೆಕೆಂಡ್ ತೆಗೆದುಕೊಂಡಿತು. ಬೆಳಕು ಚಂದ್ರನವರೆಗೆ ಹೋಗಿ ವಾಪಸಾಗಲು ಸುಮಾರು 2,560 ಮಿಲಿಸೆಕೆಂಡ್ ಸಾಕು. ನನ್ನ ಪ್ಯಾಕೆಟ್ ಅಲ್ಲಿ ಸ್ವಲ್ಪ ಹೊತ್ತು ಕೂತು ಸುಧಾರಿಸಿಕೊಂಡು ಬಂದಂತಿದೆ.

ಜೂನ್ 19ರಂದು ಕಚೇರಿಯ ಮೀಟಿಂಗ್‌ನಲ್ಲಿ ನನ್ನ ಮುಖ ಬಾಯಿ ತೆರೆದ ಭಂಗಿಯಲ್ಲೇ ನಾಲ್ಕು ನಿಮಿಷ ನಿಂತುಬಿಟ್ಟಿತು. ಆ ನಾಲ್ಕು ನಿಮಿಷಗಳಲ್ಲಿ ಒಂದು ಹೊಸ ಕೆಲಸವನ್ನು ನನ್ನ ಹೆಸರಿಗೆ ಬರೆದು, ‘ಆಕ್ಷೇಪ ಇಲ್ಲ ತಾನೇ?’ ಎಂದು ಕೇಳಿದ್ದಾರೆ. ನಾನು ಮೌನವಾಗಿದ್ದೆನಂತೆ. ಆ ಕೆಲಸದ ಫೈಲ್ 2 ಜಿಬಿ. ನೀವು ಮಾತು ಕೊಟ್ಟ ವೇಗದಲ್ಲಿ ಮೂರು ನಿಮಿಷದೊಳಗೆ ಇಳಿಯಬೇಕು. ಈಗಿನ ವೇಗದಲ್ಲಿ ಎರಡೂವರೆ ಗಂಟೆ, ಅದೂ ನಡುವೆ ಕಡಿದುಹೋಗದಿದ್ದರೆ.

ಜೂನ್ 7, 11, 15 ಮತ್ತು 20ರಂದು ದೂರು ಕೊಟ್ಟೆ. ಫೋನ್ ಎತ್ತಿದವರೆಲ್ಲ ಸೌಜನ್ಯದಿಂದಲೇ ಮಾತಾಡಿದರು, ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ನಾಲ್ವರೂ ಕೊಟ್ಟ ಔಷಧಿ ಒಂದೇ: ‘ರೂಟರ್ ಆಫ್ ಮಾಡಿ ಆನ್ ಮಾಡಿ.’ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಕೊನೆಗೆ ಪ್ರತಿ ಸಲವೂ, ಮನೆಗೆ ಒಬ್ಬರೂ ಬಾರದೆ, ‘ನಿಮ್ಮ ದೂರು ಯಶಸ್ವಿಯಾಗಿ ಪರಿಹಾರವಾಗಿದೆ’ ಎಂಬ ಮೆಸೇಜ್ ಬಂತು. ನಿಮ್ಮಲ್ಲಿ ಚುರುಕಾಗಿ ತಲುಪುವುದು ಇದೊಂದೇ.

ಜ್ವರ ಎಲ್ಲಿದೆ ಎಂಬುದನ್ನು ನಾನೇ ಹುಡುಕಿದ್ದೇನೆ. ಸಂಪರ್ಕ ಕೊಟ್ಟ ದಿನ ನಿಮ್ಮ ಟೆಕ್ನೀಷಿಯನ್ ಬರೆದುಕೊಟ್ಟ ಚೀಟಿಯಲ್ಲಿ ಫೈಬರ್‌ನೊಳಗೆ ಬರುವ ಬೆಳಕಿನ ಮಟ್ಟ ಮೈನಸ್ 19.1 ಡಿಬಿಎಂ ಎಂದಿದೆ. ಈಗ ರೂಟರ್‌ನ ಪುಟದಲ್ಲಿ ಮೈನಸ್ 29.1. ಹತ್ತು ಡಿಬಿ ಇಳಿದಿದೆ ಎಂದರೆ ಮೊದಲು ಬರುತ್ತಿದ್ದ ಬೆಳಕಿನ ಹತ್ತರಲ್ಲೊಂದು ಪಾಲು ಮಾತ್ರ ಮನೆ ಮುಟ್ಟುತ್ತಿದೆ. ಇಂಥ ಸಾಧನಗಳಿಗೆ ಸಾಮಾನ್ಯವಾಗಿ ಮೈನಸ್ 27ರವರೆಗಾದರೂ ಬೇಕು. ಜೂನ್ 5ರಂದು ನಿಮ್ಮವರು ಪಕ್ಕದ ಮನೆಗೆ ಹೊಸ ಸಂಪರ್ಕ ಕೊಡಲು ಮೆಟ್ಟಿಲ ಬಳಿಯ ಡಬ್ಬಿ ತೆರೆದಿದ್ದರು. ನಮ್ಮ ಫೈಬರ್ ಈಗ ಆ ಡಬ್ಬಿಯ ಮುಚ್ಚಳದ ಸಂದಿಗೆ ಸಿಕ್ಕಿ, ಕಡ್ಡಿ ಮುರಿದಂತೆ ಮಡಚಿಕೊಂಡಿದೆ. ಅಷ್ಟು ಬಗ್ಗಿಸಿದರೆ ಬೆಳಕು ಒಳಗೆ ಓಡದೆ ಹೊರಗೆ ಸೋರುತ್ತದೆ. ನಾನು ಮುಟ್ಟಿಲ್ಲ, ಫೋಟೊ ಮಾತ್ರ ತೆಗೆದಿದ್ದೇನೆ.

ನನಗೆ ಬೇಕಾದದ್ದು ಇಷ್ಟೇ. ಜೂನ್ 27ರ ಶುಕ್ರವಾರ ಸಂಜೆ 6ರೊಳಗೆ ಬೆಳಕು ಅಳೆಯುವ ಮೀಟರ್ ಇರುವ ಟೆಕ್ನೀಷಿಯನ್ ಬಂದು ಆ ತುಂಡನ್ನು ಸರಿಪಡಿಸಬೇಕು ಅಥವಾ ಬದಲಿಸಬೇಕು, ಹೊಸ ಅಳತೆಯನ್ನು ಬರೆದುಕೊಡಬೇಕು. ಜೂನ್ 5ರಿಂದ ಸರಿಯಾಗುವ ದಿನದವರೆಗಿನ ಶುಲ್ಕವನ್ನು ಮುಂದಿನ ಬಿಲ್‌ನಲ್ಲಿ ಕಳೆಯಬೇಕು. ನಾನು ‘ಸರಿಹೋಯಿತು’ ಎಂದು ಹೇಳುವವರೆಗೆ ಈ ದೂರನ್ನು ಮುಚ್ಚಬಾರದು. ನಾನು ದಿನವೂ ಮಧ್ಯಾಹ್ನ 2ರ ನಂತರ ಮನೆಯಲ್ಲಿರುತ್ತೇನೆ. ಇಂಟರ್ನೆಟ್ ಇಲ್ಲದವನು ಇನ್ನೆಲ್ಲಿಗೆ ಹೋದಾನು?

ಗಡುವು ಮೀರಿದರೆ ದಂಡವಿಲ್ಲದೆ ಒಪ್ಪಂದ ರದ್ದುಮಾಡಲು ಕೇಳುತ್ತೇನೆ, ಇದೇ ದಾಖಲೆಗಳೊಂದಿಗೆ ಗ್ರಾಹಕರ ದೂರು ಕೇಳುವ ಪ್ರಾಧಿಕಾರಕ್ಕೂ ಬರೆಯುತ್ತೇನೆ. ಆ ಪತ್ರದಲ್ಲಿ ತಮಾಷೆ ಇರುವುದಿಲ್ಲ.

ಇಂತಿ ತಮ್ಮ,
ನಾಲ್ಕು ಸಲ ಪರಿಹಾರಗೊಂಡ ಗ್ರಾಹಕ

ಲಗತ್ತುಗಳು: ವೇಗ ಪರೀಕ್ಷೆಯ ಸ್ಕ್ರೀನ್‌ಶಾಟ್‌ಗಳು, ಹಳೆಯ ಅಳತೆಯ ಚೀಟಿ, ಮಡಚಿದ ಫೈಬರ್‌ನ ಫೋಟೊ, ನಿಮ್ಮ ನಾಲ್ಕು ಮೆಸೇಜ್‌ಗಳು.

ತಾ.ಕ.: ಇಷ್ಟೆಲ್ಲ ಲಗತ್ತುಗಳನ್ನು ಪಕ್ಕದ ಮನೆಯ ವೈಫೈನಿಂದ ಕಳುಹಿಸುತ್ತಿದ್ದೇನೆ. ಜೂನ್ 5ರಂದು ನೀವೇ ಹಾಕಿಕೊಟ್ಟ ಸಂಪರ್ಕ ಅದು. ಬಹಳ ಚೆನ್ನಾಗಿದೆ.