ಚಿತ್ರಗಳ ಕೆಲಸದ ಒಪ್ಪಂದ: ಸಹಿ ಹಾಕುವ ಮುಂಚೆ ನಿಮಗೊಂದು ಸಾರಾಂಶ

ನೀವು ಕಳಿಸಿದ 14 ಪುಟಗಳ ಒಪ್ಪಂದವನ್ನು ಎರಡು ಸಲ ಓದಿದೆ. ಮಕ್ಕಳ ಕಲಿಕೆಯ ಆ್ಯಪ್‌ಗೆ 24 ಚಿತ್ರ, 60 ಐಕಾನ್ ಮಾಡಿಕೊಡುವ ಕೆಲಸ, 4 ತಿಂಗಳ ಅವಧಿ. ನೀವು ನೌಕರರಲ್ಲ, ಸ್ವತಂತ್ರವಾಗಿ ಕೆಲಸ ಮಾಡುವವರು ಎಂದು ಕಲಮು 2 ಹೇಳುತ್ತದೆ. ಹಾಗಾಗಿ ತೆರಿಗೆ, ವಿಮೆ, ಸಾಫ್ಟ್‌ವೇರ್ ಖರ್ಚು ನಿಮ್ಮದೇ. ಇದು ಮಾಮೂಲು.

ದುಡ್ಡು, ಹಕ್ಕು, ಒಪ್ಪಂದ ಮುರಿಯುವುದು: ಈ ಮೂರು ಕಲಮುಗಳು ಬಿಡಿಬಿಡಿಯಾಗಿ ಓದಿದರೆ ಸರಿಯಾಗೇ ಕಾಣುತ್ತವೆ. ಒಟ್ಟಿಗೆ ಇಟ್ಟು ಓದಿದಾಗಲೇ ತೊಂದರೆ ಗೊತ್ತಾಗುವುದು. ಈಗಿರುವ ಹಾಗೇ ಸಹಿ ಹಾಕಬೇಡಿ ಅನ್ನುವುದು ನನ್ನ ಸ್ಪಷ್ಟ ಅಭಿಪ್ರಾಯ.

ದುಡ್ಡು (ಕಲಮು 4)

ಮುಂಗಡ ಶೇ. 20. ಮೊದಲ 12 ಚಿತ್ರಕ್ಕೆ ಶೇ. 40, ಉಳಿದದ್ದೆಲ್ಲ ಮುಗಿದ ಮೇಲೆ ಇನ್ನು ಶೇ. 40. ಕಂತುಗಳು ನ್ಯಾಯವಾಗಿವೆ. ತಡವಾದರೆ ತಿಂಗಳಿಗೆ ಶೇ. 1 ಬಡ್ಡಿ ಕೊಡುತ್ತೇವೆ ಎಂದೂ ಬರೆದಿದ್ದಾರೆ.

ಆದರೆ 4.3ನ್ನು ನಿಧಾನವಾಗಿ ಓದಿ: "ಕಂಪನಿಯು ಕೆಲಸವನ್ನು ಲಿಖಿತವಾಗಿ ಅಂಗೀಕರಿಸಿದ 45 ದಿನಗಳೊಳಗೆ ಹಣ ಪಾವತಿಸತಕ್ಕದ್ದು." ಇನ್‌ವಾಯ್ಸ್ ಕಳಿಸಿದ ದಿನದಿಂದ ಅಲ್ಲ, ಅವರು ಅಂಗೀಕರಿಸಿದ ದಿನದಿಂದ. ಎಷ್ಟು ದಿನದಲ್ಲಿ ಅಂಗೀಕರಿಸಬೇಕು? ಅದನ್ನು ಎಲ್ಲೂ ಹೇಳಿಲ್ಲ. ನೀವು ಮಾರ್ಚ್ 1ಕ್ಕೆ ಚಿತ್ರ ಕೊಟ್ಟಿರಿ ಅಂದುಕೊಳ್ಳಿ. ಅವರು ಏಪ್ರಿಲ್ 10ಕ್ಕೆ "ಸರಿ ಇದೆ" ಎಂದರೆ, ದುಡ್ಡು ಮೇ 25ಕ್ಕೆ ಬಂದರೂ ಅದು ತಡ ಅಲ್ಲ. ಬಡ್ಡಿಯೂ ಇಲ್ಲ. ಏಪ್ರಿಲ್ 10ಕ್ಕೂ ಏನೂ ಹೇಳದಿದ್ದರೆ ದಿನದ ಎಣಿಕೆ ಶುರುವೇ ಆಗುವುದಿಲ್ಲ.

ತಿದ್ದುಪಡಿಗಳದ್ದೂ ಇದೇ ಕಥೆ. "ಸಮಂಜಸವಾದಷ್ಟು" ಎಂದಿದೆ, ಸಂಖ್ಯೆ ಇಲ್ಲ. ಒಂದು ಚಿತ್ರಕ್ಕೆ ಎರಡು ಸುತ್ತು, ಆಮೇಲೆ ಗಂಟೆ ಲೆಕ್ಕ ಎಂದು ಹಾಕಿಸಿ.

ಹಕ್ಕು (ಕಲಮು 7)

ಇಲ್ಲಿ ಕಂಪನಿಗೆ ಕೊಡುತ್ತಿರುವುದು ಬಳಸುವ ಅನುಮತಿ ಅಲ್ಲ, ಪೂರ್ತಿ ಹಕ್ಕುಸ್ವಾಮ್ಯ. ಎಲ್ಲ ದೇಶಗಳಿಗೆ, ಎಲ್ಲ ಮಾಧ್ಯಮಗಳಿಗೆ, ಶಾಶ್ವತವಾಗಿ. ನಾಳೆ ಅವರು ಅದೇ ಚಿತ್ರವನ್ನು ಪುಸ್ತಕಕ್ಕೆ, ಆಟಿಕೆಗೆ ಹಾಕಿದರೂ ನಿಮಗೆ ಬೇರೆ ದುಡ್ಡಿಲ್ಲ. ನೀವು ಹೇಳಿದ ದರ ಆ್ಯಪ್ ಒಂದಕ್ಕೇ ಲೆಕ್ಕ ಹಾಕಿದ್ದಾದರೆ, ಅದನ್ನು ಈಗಲೇ ಮಾತಾಡಿಕೊಳ್ಳಿ.

ಅದಕ್ಕಿಂತ ನನಗೆ ಜಾಸ್ತಿ ಚಿಂತೆ ಹುಟ್ಟಿಸಿದ್ದು ಒಂದೇ ಮಾತು: ಹಕ್ಕು "ಸೃಷ್ಟಿಯಾದ ಕ್ಷಣದಿಂದಲೇ" ಕಂಪನಿಗೆ ಸೇರುತ್ತದೆ. ಅಂದರೆ ದುಡ್ಡು ಬರುವ ಮುಂಚೆಯೇ ಚಿತ್ರ ನಿಮ್ಮದಲ್ಲ. ಬೇಡ ಎಂದು ಬಿಟ್ಟ ಕರಡು, ಸ್ಕೆಚ್ ಕೂಡ ಇದರೊಳಗೇ ಬರುತ್ತವೆ. ಆ ನರಿಮರಿಯ ಮೊದಲ ಸ್ಕೆಚ್ ಅವರಿಗೆ ಇಷ್ಟವಾಗಲಿಲ್ಲ ಅಂದಿರಲ್ವಾ? ಅದನ್ನೂ ನೀವು ಬೇರೆ ಕಡೆ ಬಳಸುವ ಹಾಗಿಲ್ಲ.

ನಿಮ್ಮ ಹಳೆಯ ಬ್ರಷ್‌ಗಳು, ಐಕಾನ್ ಅಚ್ಚುಗಳು ಇದರಿಂದ ಹೊರಗೆ ಎಂದು ಎಲ್ಲೂ ಬರೆದಿಲ್ಲ. ಅವುಗಳ ಪಟ್ಟಿ ಮಾಡಿ ಅನುಬಂಧವಾಗಿ ಸೇರಿಸಿ. ಅವರಿಗೆ ಬಳಸುವ ಅನುಮತಿ ಸಾಕು.

ಹೆಸರಿನ ವಿಷಯಕ್ಕೆ ಬಂದರೆ, ಕಲಾವಿದರಾಗಿ ನಿಮ್ಮ ಹೆಸರು ಹಾಕಿಸಿಕೊಳ್ಳುವ ಹಕ್ಕನ್ನು ದೇಶಗಳ ನಡುವಿನ ಬರ್ನ್ ಒಪ್ಪಂದವು ಹಕ್ಕುಸ್ವಾಮ್ಯದಿಂದ ಬೇರೆಯಾಗಿ ಗುರುತಿಸುತ್ತದೆ. 7.5ರಲ್ಲಿ ಅದನ್ನೂ ಬಿಟ್ಟುಕೊಡಿ ಎಂದು ಕೇಳಿದ್ದಾರೆ. ಕೊಡಬೇಡಿ. ಕೊನೆಗೆ ಆ್ಯಪ್ ಬಿಡುಗಡೆಯಾದ ಮೇಲೆ ನಿಮ್ಮ ಪೋರ್ಟ್‌ಫೋಲಿಯೊದಲ್ಲಿ ತೋರಿಸುವ ಅನುಮತಿಯನ್ನಾದರೂ ಬರೆಸಿಕೊಳ್ಳಿ.

ಒಪ್ಪಂದ ಮುರಿಯುವುದು (ಕಲಮು 11)

ಕಂಪನಿ 7 ದಿನದ ನೋಟಿಸ್ ಕೊಟ್ಟು, ಕಾರಣ ಹೇಳದೆ ನಿಲ್ಲಿಸಬಹುದು. ನೀವು ನಿಲ್ಲಿಸಬೇಕಾದರೆ ಬಾಕಿ 60 ದಿನ ದಾಟಿರಬೇಕು, ಆಮೇಲೆ 30 ದಿನದ ನೋಟಿಸ್ ಬೇರೆ. ನಡುವೆ ನಿಂತರೆ "ಅಂಗೀಕರಿಸಿದ ಕೆಲಸಕ್ಕೆ ಮಾತ್ರ" ದುಡ್ಡು.

ಮತ್ತೆ ಅದೇ ಪದ. ಹತ್ತು ಚಿತ್ರ ಕೊಟ್ಟಿದ್ದೀರಿ, ಅವರು ಸುಮ್ನೆ ಇದ್ದಾರೆ, ಒಂದು ದಿನ ನೋಟಿಸ್ ಕೊಟ್ಟರು ಎನ್ನಿ. ಕಲಮು 7ರ ಪ್ರಕಾರ ಹತ್ತೂ ಚಿತ್ರ ಅವರವು. 4 ಮತ್ತು 11ರ ಪ್ರಕಾರ ಆ ಚಿತ್ರಗಳಿಗೆ ದುಡ್ಡು ಕೊಡಬೇಕಿಲ್ಲ. ಅವರು ಹೀಗೆ ಮಾಡುತ್ತಾರೆ ಎಂದು ನಾನು ಹೇಳುತ್ತಿಲ್ಲ. ಆದರೆ ಕಾಗದ ಅದಕ್ಕೆ ದಾರಿ ಬಿಟ್ಟಿದೆ.

ಗೋಪ್ಯತೆ (ಕಲಮು 9) 2 ವರ್ಷ, ಪರವಾಗಿಲ್ಲ. ನಷ್ಟ ಭರಿಸುವ ಕಲಮು 10ಕ್ಕೆ ಮಿತಿ ಇಲ್ಲ. ನಿಮಗೆ ಬಂದ ಒಟ್ಟು ಸಂಭಾವನೆಯನ್ನು ಮೀರಬಾರದು ಎಂದು ಸೇರಿಸಿ.

ಅವರಿಗೆ ಕಳಿಸಲು ಮೂರು ವಾಕ್ಯ ಬರೆದಿದ್ದೇನೆ. ಹೀಗೇ ಮೇಲ್ ಮಾಡಿ:

"ಕೆಲಸ ತಲುಪಿದ 10 ಕೆಲಸದ ದಿನಗಳಲ್ಲಿ ಲಿಖಿತ ಆಕ್ಷೇಪಣೆ ಬಾರದಿದ್ದರೆ ಅದನ್ನು ಅಂಗೀಕರಿಸಿದಂತೆ."

"ಆಯಾ ಕೆಲಸದ ಹಕ್ಕುಸ್ವಾಮ್ಯವು ಅದರ ಪೂರ್ತಿ ಹಣ ಪಾವತಿಯಾದ ಮೇಲೆ ಮಾತ್ರ ಕಂಪನಿಗೆ ವರ್ಗವಾಗುತ್ತದೆ."

"ಯಾರೇ ಒಪ್ಪಂದ ಕೊನೆಗೊಳಿಸಿದರೂ ಆ ದಿನದವರೆಗೆ ಮಾಡಿದ ಕೆಲಸಕ್ಕೆ ಹಣ ಸಲ್ಲಬೇಕು, ನೋಟಿಸ್ ಅವಧಿ ಇಬ್ಬರಿಗೂ 15 ದಿನ."

ಮೂರಕ್ಕೂ ಒಪ್ಪುವುದಿಲ್ಲ ಎಂದರೆ ಎರಡನೆಯದನ್ನು ಮಾತ್ರ ಬಿಡಬೇಡಿ. ಅವರ ಉತ್ತರ ಬರುವ ತನಕ ಮೂಲ ಫೈಲ್‌ಗಳನ್ನು ಕಳಿಸಬೇಡಿ, ಕಡಿಮೆ ರೆಸಲ್ಯೂಷನ್ ಪ್ರತಿ ಸಾಕು.